ಹಂಚಿಕೆಯ ದಿನದ ಬೆಲೆ: ರಿಯಾಯಿತಿ ಷೇರಿನ ತೆರಿಗೆ ಕಲಿಸಿದ ಪಾಠಗಳು

ಬೆಂಗಳೂರಿನಲ್ಲಿ ಸಂಬಳದಾರರ ತೆರಿಗೆ ಲೆಕ್ಕ ನೋಡುವ ಚಾರ್ಟರ್ಡ್ ಅಕೌಂಟೆಂಟ್ ಯಾರನ್ನೇ ಕೇಳಿ, ಜೂನ್ ಬಂತೆಂದರೆ ಇಎಸ್‌ಪಿಪಿ ಕಡತಗಳು ಬಂದು ಬೀಳುತ್ತವೆ ಎನ್ನುತ್ತಾರೆ. ಮಾತೃಸಂಸ್ಥೆ ಅಮೆರಿಕದಲ್ಲಿರುವ ಸಾಫ್ಟ್‌ವೇರ್ ಮತ್ತು ಚಿಪ್ ಕಂಪನಿಗಳಲ್ಲಿ ಈ ಯೋಜನೆ ಮಾಮೂಲು. ಆರು ತಿಂಗಳು ಸಂಬಳದಿಂದ ಒಂದಿಷ್ಟು ಹಣ ಹಿಡಿದಿಟ್ಟು, ಕೊನೆಯ ದಿನ ಅದೇ ಹಣದಿಂದ ಮಾತೃಸಂಸ್ಥೆಯ ಷೇರುಗಳನ್ನು ಶೇಕಡಾ 15ರಷ್ಟು ಕಡಿಮೆ ಬೆಲೆಗೆ ಕೊಡುತ್ತಾರೆ. ಯೋಜನೆಯ ಕರಪತ್ರದಲ್ಲಿ ರಿಯಾಯಿತಿಯ ಬಗ್ಗೆ ದೊಡ್ಡಕ್ಷರ ಇರುತ್ತದೆ. ತೆರಿಗೆಯ ಬಗ್ಗೆ "ನಿಮ್ಮ ಸಲಹೆಗಾರರನ್ನು ಕೇಳಿ" ಎಂಬ ಒಂದು ಸಾಲು. ಆ ಸಾಲನ್ನು ಓದಿ ಬಂದವರ ಜೊತೆ ಕೂತು ಕಲಿತದ್ದು ಇಷ್ಟು. ಇಲ್ಲಿ ಹೇಳುವ ಸೆಕ್ಷನ್ನುಗಳು 1961ರ ಆದಾಯ ತೆರಿಗೆ ಕಾಯ್ದೆಯವು. 2026ರ ಏಪ್ರಿಲ್ 1ರಿಂದ ಜಾರಿಗೆ ಬಂದ ಹೊಸ ಕಾಯ್ದೆಯಲ್ಲಿ ಸೆಕ್ಷನ್ನುಗಳ ಸಂಖ್ಯೆ ಬದಲಾಗಿದೆ. ಉದಾಹರಣೆಯ ಲೆಕ್ಕವಂತೂ 2024-25ರ ವರ್ಷದ್ದು.

1. ಲಾಭ ಅಳೆಯುವುದು ಆ ದಿನದ ಬೆಲೆಯಿಂದ, ಶೇಕಡಾ 15ರಿಂದ ಅಲ್ಲ

ಹೆಚ್ಚಿನವರು ಕೇಳುವ ಮೊದಲ ಪ್ರಶ್ನೆಯೇ ಇದು. "ಸರ್, ಡಿಸ್ಕೌಂಟ್ ಇರೋದು ಹದಿನೈದೇ ಪರ್ಸೆಂಟು. ಟ್ಯಾಕ್ಸ್ ಯಾಕೆ ಇಷ್ಟೊಂದು ಕಟ್ ಆಗಿದೆ?"

ಸೆಕ್ಷನ್ 17(2)ರ ಆರನೇ ಉಪವಿಧಿಯಲ್ಲಿ ರಿಯಾಯಿತಿ ಎಷ್ಟು ಶೇಕಡಾ ಎಂಬ ಮಾತೇ ಇಲ್ಲ. ಮಾಲೀಕ ಸಂಸ್ಥೆ ನೇರವಾಗಿಯೋ ಬೇರೆಯವರ ಮೂಲಕವೋ ನೌಕರನಿಗೆ ಪುಕ್ಕಟೆಯಾಗಿ ಅಥವಾ ಕಡಿಮೆ ಬೆಲೆಗೆ ಷೇರು ಹಂಚಿದರೆ, ಕೊಳ್ಳುವ ಹಕ್ಕನ್ನು ಚಲಾಯಿಸಿದ ದಿನದ ಮಾರುಕಟ್ಟೆ ಬೆಲೆಯಲ್ಲಿ ನೌಕರನಿಂದ ವಸೂಲಾದ ಹಣವನ್ನು ಕಳೆದು, ಉಳಿದದ್ದು ಪರ್ಕ್ವಿಸಿಟ್. ಅಂದರೆ ಅದು ಸಂಬಳವೇ. ಇಎಸ್‌ಪಿಪಿಯಲ್ಲಿ ಯೋಜನೆಯ ಖರೀದಿ ದಿನವೇ ಹಕ್ಕು ಚಲಾಯಿಸಿದ ದಿನ. ಷೇರು ಖಾತೆಗೆ ಬರುವುದೂ ಸಾಮಾನ್ಯವಾಗಿ ಅವತ್ತೇ, ಇಲ್ಲವೇ ಒಂದೆರಡು ದಿನದೊಳಗೆ.

ನನ್ನ ಬಳಿ ಬಂದ ಒಬ್ಬ ಮೇಡಂ ಲೆಕ್ಕವನ್ನೇ ಹಾಕಿ ನೋಡೋಣ. ಸಂಖ್ಯೆಗಳನ್ನು ದುಂಡಗೆ ಮಾಡಿದ್ದೇನೆ, ಅವರ ಹೆಸರು ಬೇಡ. ಅವರ ಯೋಜನೆ 2024ರ ಆಗಸ್ಟ್ 16ಕ್ಕೆ ಶುರುವಾಗಿ 2025ರ ಫೆಬ್ರುವರಿ 14ಕ್ಕೆ ಮುಗಿಯಿತು. ಶುರುವಿನ ದಿನ ಷೇರಿನ ಬೆಲೆ 100 ಡಾಲರ್, ಮುಗಿದ ದಿನ 140. ಇಂಥ ಯೋಜನೆಗಳಲ್ಲಿ ಬಹಳಷ್ಟಕ್ಕೆ 'ಲುಕ್‌ಬ್ಯಾಕ್' ಎಂಬ ಷರತ್ತಿರುತ್ತದೆ. ಮೊದಲ ದಿನ ಮತ್ತು ಕೊನೆಯ ದಿನದ ಬೆಲೆಗಳಲ್ಲಿ ಯಾವುದು ಕಡಿಮೆಯೋ ಅದರ ಮೇಲೆ ರಿಯಾಯಿತಿ. ಹಾಗಾಗಿ ಅವರಿಗೆ ಷೇರು ಸಿಕ್ಕಿದ್ದು 100ರ ಶೇಕಡಾ 85ಕ್ಕೆ, ಅಂದರೆ 85 ಡಾಲರಿಗೆ. ಕೂಡಿದ್ದ 3,400 ಡಾಲರಿನಲ್ಲಿ 40 ಷೇರು ಬಂದವು.

ಒಂದು ಷೇರಿನ ಮೇಲೆ ಲಾಭ 140 ಕಳೆ 85, ಅಂದರೆ 55 ಡಾಲರ್. ನಲವತ್ತು ಷೇರಿಗೆ 2,200 ಡಾಲರ್. ಡಾಲರಿಗೆ 86 ರೂಪಾಯಿ ಎಂದಿಟ್ಟುಕೊಂಡರೆ 1,89,200 ರೂಪಾಯಿ. ಮೇಡಂ ಶೇಕಡಾ 30ರ ಹಂತದಲ್ಲಿದ್ದರು, ಸರ್‌ಚಾರ್ಜ್ ಇರಲಿಲ್ಲ. ಸೆಸ್ ಸೇರಿ ಶೇಕಡಾ 31.2ರಂತೆ ತೆರಿಗೆ 59,030 ರೂಪಾಯಿ. ಅವರು ಮನಸ್ಸಿನಲ್ಲಿ ಹಾಕಿಕೊಂಡಿದ್ದ ಲೆಕ್ಕ ಬೇರೆ: ತಾವು ಕೊಟ್ಟ ಸುಮಾರು ಮೂರು ಲಕ್ಷದ ಶೇಕಡಾ 15, ಅದರ ಮೇಲೆ ತೆರಿಗೆ, ಹದಿಮೂರು ಹದಿನಾಲ್ಕು ಸಾವಿರ. ಕರಪತ್ರದ ಪ್ರಕಾರ ಹದಿನೈದಿದ್ದ ರಿಯಾಯಿತಿ, ಷೇರಿನ ಬೆಲೆ ಏರಿದ್ದರಿಂದ, ಹಂಚಿಕೆಯ ದಿನ ಸುಮಾರು ಶೇಕಡಾ 39 ಆಗಿತ್ತು. ಕಾಯ್ದೆ ನೋಡುವುದು ಈ 39ನ್ನು.

ಬೆಲೆ ಇಳಿದರೂ ಪರ್ಕ್ವಿಸಿಟ್ ಸೊನ್ನೆಯಾಗುವುದಿಲ್ಲ. ಕೊನೆಯ ದಿನದ ಬೆಲೆ 80 ಆಗಿದ್ದರೆ ಷೇರು 68ಕ್ಕೆ ಸಿಗುತ್ತಿತ್ತು, 12 ಡಾಲರ್ ಲಾಭಕ್ಕೆ ತೆರಿಗೆ ಬೀಳುತ್ತಿತ್ತು. ಲುಕ್‌ಬ್ಯಾಕ್ ಇರುವ ಯೋಜನೆಯಲ್ಲಿ, ಕೊಟ್ಟ ಹಣಕ್ಕೆ ಹೋಲಿಸಿದರೆ, ಲಾಭ ಶೇಕಡಾ 17.6ಕ್ಕಿಂತ ಕೆಳಗೆ ಬರುವುದೇ ಇಲ್ಲ. 85 ಕೊಟ್ಟು 100ರ ವಸ್ತು ಪಡೆದರೆ ಲಾಭ 15, ಅದು 85ರ ಶೇಕಡಾ 17.6.

2. ಪೇ ಸ್ಲಿಪ್ಪಿನಲ್ಲಿ ಎರಡು ಸಾಲುಗಳನ್ನು ಬೇರೆ ಬೇರೆಯಾಗಿ ಓದಿ

ಪ್ರತಿ ತಿಂಗಳು ಹಿಡಿಯುವ ಇಎಸ್‌ಪಿಪಿ ಕಂತಿಗೆ ಯಾವ ತೆರಿಗೆ ವಿನಾಯಿತಿಯೂ ಇಲ್ಲ. ಅದು ತೆರಿಗೆ ಕಟ್ಟಿ ಉಳಿದ ಹಣದಲ್ಲಿ ಉಳಿಸಿದ್ದು, ಆರ್.ಡಿ. ಕಟ್ಟಿದ ಹಾಗೆ. ಫಾರ್ಮ್ 16ರ ಒಟ್ಟು ಸಂಬಳದಲ್ಲಿ ಅದನ್ನು ಕಳೆದಿರುವುದಿಲ್ಲ, ಕಳೆಯಲೂಬಾರದು. ಖರೀದಿ ತಿಂಗಳ ಸ್ಲಿಪ್ಪಿನಲ್ಲಿ ಇನ್ನೊಂದು ಸಾಲು ಬರುತ್ತದೆ. ಗಳಿಕೆಯ ಕಡೆ 1,89,200 ಸೇರಿ, ಕಡಿತದ ಕಡೆ ಅಷ್ಟೇ ಮೊತ್ತ ವಾಪಸ್ ಹೋಗಿರುತ್ತದೆ, ಏಕೆಂದರೆ ಈ ಸಂಬಳ ಷೇರಿನ ರೂಪದಲ್ಲಿ ಆಗಲೇ ಕೈಸೇರಿದೆ. ಟಿಡಿಎಸ್ ಮಾತ್ರ ಆ ತಿಂಗಳು ದಿಢೀರನೆ ಏರಿರುತ್ತದೆ. "ಕೊಟ್ಟ ಹಾಗೆ ಮಾಡಿ ಕಿತ್ಕೊಂಡಿದ್ದಾರೆ" ಎಂದು ಸಿಟ್ಟಾಗಿ ಎಚ್‌ಆರ್‌ಗೆ ಪತ್ರ ಬರೆದವರನ್ನು ಕಂಡಿದ್ದೇನೆ. ಕಿತ್ತುಕೊಂಡಿಲ್ಲ, ತೆರಿಗೆಗೆ ಲೆಕ್ಕ ತೋರಿಸಿ ಪಕ್ಕಕ್ಕಿಟ್ಟಿದ್ದಾರೆ.

ನೋಡಬೇಕಾದದ್ದು ಫಾರ್ಮ್ 16ರ ಜೊತೆ ಬರುವ 12ಬಿಎ. ಪರ್ಕ್ವಿಸಿಟ್‌ಗಳ ಪಟ್ಟಿ ಇರುವುದು ಅಲ್ಲಿ. ಷೇರಿನ ಸಾಲಿನಲ್ಲಿ ನಿಮ್ಮ ಲೆಕ್ಕದ ಮೊತ್ತ ಇದ್ದರೆ ಸರಿ. ಷೇರು ಬಂದೂ ಆ ಸಾಲು ಖಾಲಿ ಇದ್ದರೆ ಖುಷಿಪಡುವ ಹಾಗಿಲ್ಲ. ಕೊಟ್ಟದ್ದು ಅಮೆರಿಕದ ಮಾತೃಸಂಸ್ಥೆ, ಇಲ್ಲಿನ ಕಂಪನಿ ಅಲ್ಲ ಎಂಬ ವಾದಕ್ಕೆ ಕಾಯ್ದೆಯ 'ನೇರವಾಗಿ ಅಥವಾ ಪರೋಕ್ಷವಾಗಿ' ಎಂಬ ಮಾತು ಜಾಗ ಬಿಟ್ಟಿಲ್ಲ. ಕಂಪನಿ ಟಿಡಿಎಸ್ ಹಿಡಿಯದಿದ್ದರೂ ಆದಾಯ ನಿಮ್ಮದೇ. ನೀವೇ ರಿಟರ್ನಿನಲ್ಲಿ ಸೇರಿಸಿ, ಬಡ್ಡಿ ಬಂದರೆ ಅದನ್ನೂ ಕಟ್ಟಬೇಕು.

3. ಮಾರಿಲ್ಲ ಎಂಬುದು ಇಲ್ಲಿ ನೆಪವಾಗುವುದಿಲ್ಲ

ಅಮೆರಿಕದ ಸಹೋದ್ಯೋಗಿ ಕೊಡುವ ಸಲಹೆ ಬೆಂಗಳೂರಿನಲ್ಲಿ ಹೆಚ್ಚು ತೊಂದರೆ ಮಾಡುವುದು ಇಲ್ಲೇ. ಅಲ್ಲಿನ ಸೆಕ್ಷನ್ 423ರ ಯೋಜನೆಯಲ್ಲಿ ಷೇರು ಕೊಂಡ ದಿನ ತೆರಿಗೆ ಇಲ್ಲ. ಮಾರಿದಾಗಲೇ ಲೆಕ್ಕ. ಯೋಜನೆ ಶುರುವಾಗಿ ಎರಡು ವರ್ಷ, ಕೊಂಡು ಒಂದು ವರ್ಷ ದಾಟಿಸಿ ಮಾರಿದರೆ ಇನ್ನಷ್ಟು ಅನುಕೂಲ. ಅದಕ್ಕೇ ಅವರು "ಮಾರಬೇಡ, ಇಟ್ಟುಕೋ" ಎನ್ನುತ್ತಾರೆ. ಅವರ ಮಟ್ಟಿಗೆ ಅದು ಸರಿಯಾದ ಮಾತು. ಇಲ್ಲಿನವರಿಗೆ ಇಡೀ ರಿಯಾಯಿತಿಯ ಮೇಲಿನ ತೆರಿಗೆ ಹಂಚಿಕೆಯ ವರ್ಷವೇ ಮುಗಿದುಹೋಗಿರುತ್ತದೆ. ಆ ಎರಡು ವರ್ಷದ ಗಡುವಿಗೂ ನಮ್ಮ ರಿಟರ್ನಿಗೂ ಸಂಬಂಧವಿಲ್ಲ.

ಭಾರತದಲ್ಲಿ ಈ ಪ್ರಶ್ನೆಗೆ ಒಂದು ಚರಿತ್ರೆ ಇದೆ, ಅದು ಬೆಂಗಳೂರಿನದೇ. ಇನ್ಫೋಸಿಸ್ ತೊಂಬತ್ತರ ದಶಕದಲ್ಲಿ ತನ್ನ ನೌಕರರಿಗೆ ಟ್ರಸ್ಟಿನ ಮೂಲಕ ವಾರಂಟ್‌ಗಳನ್ನು ಕೊಟ್ಟಿತ್ತು. ಅದರಿಂದ ಬಂದ ಷೇರುಗಳನ್ನು ಐದು ವರ್ಷ ಮಾರುವಂತಿರಲಿಲ್ಲ. ಇಲಾಖೆ ಅದನ್ನು ಪರ್ಕ್ವಿಸಿಟ್ ಎಂದಿತು, ಟಿಡಿಎಸ್ ಹಿಡಿಯಲಿಲ್ಲವೆಂದು ಕಂಪನಿಯ ಮೇಲೆ ಬಂತು. 2008ರಲ್ಲಿ ಸುಪ್ರೀಂ ಕೋರ್ಟು ಕಂಪನಿಯ ಪರ ತೀರ್ಪು ಕೊಟ್ಟಿತು: ಮಾರಲಾಗದ ಷೇರಿನ ಊಹೆಯ ಲಾಭಕ್ಕೆ, ಅದನ್ನು ತೆರಿಗೆಗೆ ಒಳಪಡಿಸುವ ವಿಧಿಯೇ ಆಗ ಇಲ್ಲದಿದ್ದುದರಿಂದ, ತೆರಿಗೆ ಹಾಕುವಂತಿಲ್ಲ. ಈ ತೀರ್ಪನ್ನು ಹಿಡಿದು ಇವತ್ತಿಗೂ ಕೆಲವರು ಬರುತ್ತಾರೆ. ಆದರೆ ತೀರ್ಪು ನಿಂತಿದ್ದು ಆ ವರ್ಷಗಳ ಕಾಯ್ದೆಯ ಮೇಲೆ. 2007ರಿಂದ ಎರಡು ವರ್ಷ ಇಂಥ ಷೇರುಗಳ ಮೇಲೆ ಕಂಪನಿಯೇ ಫ್ರಿಂಜ್ ಬೆನಿಫಿಟ್ ತೆರಿಗೆ ಕಟ್ಟಬೇಕಿತ್ತು. 2009ರಲ್ಲಿ ಅದನ್ನು ತೆಗೆದುಹಾಕಿ, ಹೊರೆಯನ್ನು ನೌಕರನ ಸಂಬಳಕ್ಕೆ ತಂದರು. ವಿಧಿಯೂ ಬಂತು, ಬೆಲೆ ಕಟ್ಟುವ ಕ್ರಮವೂ ಬಂತು.

ಭಾರತದ ಲಿಸ್ಟೆಡ್ ಕಂಪನಿಗಳ ನೌಕರರಿಗೂ ಇದು ತಟ್ಟುತ್ತದೆ. ಬ್ಯಾಂಕುಗಳು ಸಿಬ್ಬಂದಿಗೆ ರಿಯಾಯಿತಿಯಲ್ಲಿ ಷೇರು ಹಂಚುವ ಯೋಜನೆಗಳನ್ನು ನೆನಪಿಸಿಕೊಳ್ಳಿ. ಸೆಬಿ ನಿಯಮದಂತೆ ಅಂಥ ಷೇರಿಗೆ ಸಾಮಾನ್ಯವಾಗಿ ಕನಿಷ್ಠ ಒಂದು ವರ್ಷದ ಲಾಕ್-ಇನ್. ಮಾರಿ ತೆರಿಗೆ ಕಟ್ಟೋಣವೆಂದರೆ ಆಗದು, ತೆರಿಗೆ ಮಾತ್ರ ಕಾಯುವುದಿಲ್ಲ. ಲಾಕ್-ಇನ್ ಇದೆ ಎಂದು ಬೆಲೆಯಲ್ಲಿ ಕಡಿತವನ್ನೂ ನಿಯಮ ಕೊಟ್ಟಿಲ್ಲ. ಇಂಥ ಯೋಜನೆಗೆ ಅರ್ಜಿ ಹಾಕುವವರಿಗೆ ನಾನು ಹೇಳುವುದು, ಷೇರಿನ ಹಣದ ಜೊತೆಗೆ ತೆರಿಗೆಯ ಹಣವನ್ನೂ ಬೇರೆ ಇಟ್ಟುಕೊಂಡೇ ಹಾಕಿ ಎಂದು.

4. 'ಮಾರುಕಟ್ಟೆ ಬೆಲೆ' ಯಾರು ಹೇಳಿದ್ದು ಎಂದು ಕೇಳಿ

ಮೇಲಿನ ಲೆಕ್ಕದಲ್ಲಿ 140 ಎಂದು ಸಲೀಸಾಗಿ ಬರೆದೆ. ಆ ಸಂಖ್ಯೆ ಹುಟ್ಟುವ ಬಗೆ ಅಷ್ಟು ಸಲೀಸಲ್ಲ. ನಿಯಮ 3(8)ರ ಪ್ರಕಾರ, ಭಾರತದ ಮಾನ್ಯತೆ ಪಡೆದ ಷೇರುಪೇಟೆಯಲ್ಲಿ ಲಿಸ್ಟ್ ಆದ ಷೇರಾದರೆ ಆ ದಿನದ ಆರಂಭ ಮತ್ತು ಮುಕ್ತಾಯದ ಬೆಲೆಗಳ ಸರಾಸರಿ. ಎರಡು ಪೇಟೆಗಳಲ್ಲಿದ್ದರೆ ವಹಿವಾಟು ಹೆಚ್ಚಿರುವ ಕಡೆಯದು. ಅವತ್ತು ವಹಿವಾಟೇ ಇಲ್ಲದಿದ್ದರೆ ಹಿಂದಿನ ಹತ್ತಿರದ ದಿನದ ಮುಕ್ತಾಯ ಬೆಲೆ.

ನಾಸ್ಡಾಕ್‌ನಲ್ಲಿ ಕೋಟಿಗಟ್ಟಲೆ ಷೇರು ಕೈಬದಲಾಗುತ್ತಿದ್ದರೂ ಈ ನಿಯಮದ ಕಣ್ಣಿಗೆ ಅದು ಲಿಸ್ಟ್ ಆಗದ ಷೇರು. ಮಾನ್ಯತೆ ಎಂದರೆ ಭಾರತದ ಕಾಯ್ದೆಯಡಿ ಪಡೆದ ಮಾನ್ಯತೆ ಮಾತ್ರ. ಲಿಸ್ಟ್ ಆಗದ ಷೇರಿಗೆ ಒಂದನೇ ವರ್ಗದ ಮರ್ಚೆಂಟ್ ಬ್ಯಾಂಕರ್ ಬೆಲೆ ಕಟ್ಟಿಕೊಡಬೇಕು. ಆ ಮೌಲ್ಯಮಾಪನದ ದಿನ ಖರೀದಿಯ ದಿನವೇ ಆಗಿರಬಹುದು, ಅದಕ್ಕಿಂತ 180 ದಿನಗಳೊಳಗಿನ ಹಿಂದಿನ ದಿನವೂ ಆಗಿರಬಹುದು. ಅವರು ಸಹಜವಾಗಿ ಅಮೆರಿಕದ ಪೇಟೆಯ ಬೆಲೆಯನ್ನೇ ಆಧಾರವಾಗಿ ಇಟ್ಟುಕೊಳ್ಳುತ್ತಾರೆ. ಆದರೆ ಮೌಲ್ಯಮಾಪನ ಹಳೆಯದಾದರೆ ಬ್ರೋಕರ್ ಖಾತೆಯಲ್ಲಿ 140 ಇದ್ದು, ಪೇರೋಲ್ ಲೆಕ್ಕದಲ್ಲಿ 132 ಇರಬಹುದು. ಆಗ ಒಂದು ಷೇರಿನ ಪರ್ಕ್ವಿಸಿಟ್ 55ರ ಬದಲು 47.

ಕಡಿಮೆಯಾಯಿತಲ್ಲ ಎಂದು ಅಲ್ಲಿಗೇ ಬಿಡಬೇಡಿ. ಮುಂದೆ ಮಾರುವಾಗ ನಿಮ್ಮ ಕೊಂಡ ಬೆಲೆಯೂ 132 ಆಗುತ್ತದೆ, 140 ಅಲ್ಲ. ಹಾಗಾಗಿ ಪ್ರತಿ ಖರೀದಿಯ ನಂತರ ಪೇರೋಲ್ ವಿಭಾಗದಿಂದ ಮೂರು ಮಾಹಿತಿ ಬರವಣಿಗೆಯಲ್ಲಿ ತರಿಸಿಕೊಳ್ಳಲು ಹೇಳುತ್ತೇನೆ: ಪ್ರತಿ ಷೇರಿಗೆ ಹಿಡಿದ ಮಾರುಕಟ್ಟೆ ಬೆಲೆ, ಡಾಲರಿನ ದರ, ಷೇರುಗಳ ಸಂಖ್ಯೆ. ಎರಡು ವರ್ಷ ಬಿಟ್ಟು, ಕೆಲಸ ಬಿಟ್ಟ ಮೇಲೆ ಕೇಳಿದರೆ ಹಳೆಯ ಕಂಪನಿಯಲ್ಲಿ ಉತ್ತರ ಕೊಡುವವರು ಸಿಗುವುದಿಲ್ಲ.

ಡಾಲರಿನ ದರದಲ್ಲೂ ಸಣ್ಣ ಎಡವಟ್ಟಿದೆ. ಟಿಡಿಎಸ್ ಹಿಡಿಯುವವರು ನಿಯಮ 26ರಂತೆ ಹಿಡಿಯಬೇಕಾದ ದಿನದ ದರ ನೋಡುತ್ತಾರೆ. ರಿಟರ್ನಿಗೆ ಬರುವ ನಿಯಮ 115 ಸಂಬಳಕ್ಕೆ ಹಿಂದಿನ ತಿಂಗಳ ಕೊನೆಯ ದಿನದ ದರ ಹೇಳುತ್ತದೆ. ಎರಡರಲ್ಲೂ ಬೇಕಾದದ್ದು ಸ್ಟೇಟ್ ಬ್ಯಾಂಕಿನ ಟಿಟಿ ಕೊಳ್ಳುವ ದರ. ವ್ಯತ್ಯಾಸ ಸಾಮಾನ್ಯವಾಗಿ ಪುಡಿಗಾಸು. ಅದಕ್ಕಾಗಿ ಫಾರ್ಮ್ 16ರ ಮೊತ್ತವನ್ನು ಬಿಟ್ಟು ಬೇರೆ ತೋರಿಸಿ ನೋಟಿಸಿಗೆ ದಾರಿ ಮಾಡಿಕೊಡಬೇಡಿ ಎಂಬುದು ನನ್ನ ಅಭಿಪ್ರಾಯ. ರೂಪಾಯಿ ಒಂದೇ ತಿಂಗಳಲ್ಲಿ ಜೋರಾಗಿ ಕುಸಿದಿದ್ದರೆ ಮಾತು ಬೇರೆ.

5. ಐದು ಷೇರು ಕಾಣೆಯಾಗಿಲ್ಲ

ನಲವತ್ತು ಷೇರು ಕೊಂಡ ಮೇಡಂ ಖಾತೆಯಲ್ಲಿ ಇದ್ದದ್ದು 35. ತೆರಿಗೆಯ 59,030 ರೂಪಾಯಿಯನ್ನು ಫೆಬ್ರುವರಿ ಸಂಬಳದಿಂದ ಹಿಡಿಯುವ ಬದಲು ಕಂಪನಿ ಅಷ್ಟಕ್ಕೆ ಬೇಕಾದ ಷೇರು ಮಾರಿಸಿತ್ತು. ಒಂದು ಷೇರು 140 ಡಾಲರ್, ಅಂದರೆ 12,040 ರೂಪಾಯಿ. ಐದು ಷೇರು ಮಾರಿದರೆ ಸರಿಹೋಗುತ್ತದೆ, ಚಿಲ್ಲರೆ ಸಂಬಳಕ್ಕೆ ಸೇರುತ್ತದೆ.

ತಪ್ಪಾಗುವುದು ಎರಡು ಕಡೆ. ಕೈಗೆ ಬಂದದ್ದು 35 ತಾನೇ ಎಂದು ಪರ್ಕ್ವಿಸಿಟ್ಟನ್ನೂ 35ಕ್ಕೆ ಲೆಕ್ಕ ಹಾಕುವುದು ಒಂದು. ಹಂಚಿಕೆಯಾದದ್ದು 40, ಪರ್ಕ್ವಿಸಿಟ್ 40ಕ್ಕೇ. ಇನ್ನೊಂದು, ಆ ಐದು ಷೇರಿನ ಮಾರಾಟವನ್ನು ಮರೆಯುವುದು. ಅದು ನಿಮ್ಮ ಷೇರಿನ ಮಾರಾಟ, ಬಂಡವಾಳ ಲಾಭದ ಪಟ್ಟಿಯಲ್ಲಿ ಬರಬೇಕು. ಮಾರುವ ಹೊತ್ತಿಗೆ ಬೆಲೆ 138ಕ್ಕೆ ಇಳಿದಿತ್ತು ಅನ್ನಿ, ಷೇರಿಗೆ 2 ಡಾಲರಿನಂತೆ 10 ಡಾಲರ್ ಅಲ್ಪಾವಧಿ ನಷ್ಟ. ಮೊತ್ತ ಸಣ್ಣದು, ಆದರೆ ಮಾರಾಟ ಆದ ವರ್ಷ ಐಟಿಆರ್-1 ಸಲ್ಲಿಸುವಂತಿಲ್ಲ, ಐಟಿಆರ್-2 ಬೇಕು.

6. ಮಾರುವಾಗ ನಿಮ್ಮ ಕೊಂಡ ಬೆಲೆ 85 ಅಲ್ಲ, 140

ಈ ಎಲ್ಲದರಲ್ಲಿ ಹೆಚ್ಚು ಹಣ ಸೋರುವುದು ಈ ಪಾಠ ತಿಳಿಯದವರದ್ದು. ಎಷ್ಟೋ ಬ್ರೋಕರ್ ಪಟ್ಟಿಗಳಲ್ಲಿ ಕೊಂಡ ಬೆಲೆ ಎಂದು 85 ಇರುತ್ತದೆ, ಏಕೆಂದರೆ ಅದು ನೀವು ನಿಜವಾಗಿ ಕೊಟ್ಟ ಹಣ. ಪಟ್ಟಿಯನ್ನು ಹಾಗೇ ರಿಟರ್ನಿಗೆ ಇಳಿಸಿದರೆ ಅದೇ 55 ಡಾಲರಿಗೆ ಎರಡನೇ ಸಲ ತೆರಿಗೆ ಕಟ್ಟುತ್ತೀರಿ. ಸೆಕ್ಷನ್ 49(2ಎಎ) ಇದನ್ನು ತಪ್ಪಿಸಲೆಂದೇ ಇದೆ. ಪರ್ಕ್ವಿಸಿಟ್ ಲೆಕ್ಕಕ್ಕೆ ಯಾವ ಮಾರುಕಟ್ಟೆ ಬೆಲೆ ಹಿಡಿದರೋ ಅದೇ ಮುಂದೆ ನಿಮ್ಮ ಕೊಂಡ ಬೆಲೆ.

ಮೇಡಂ ಉಳಿದ 35 ಷೇರುಗಳನ್ನು 150ಕ್ಕೆ ಮಾರಿದ್ದರೆ ನಿಜವಾದ ಬಂಡವಾಳ ಲಾಭ ಷೇರಿಗೆ 10 ಡಾಲರ್. 85 ಹಿಡಿದರೆ 65 ತೋರುತ್ತದೆ. ಹೆಚ್ಚುವರಿ 55 ಡಾಲರನ್ನು 35ರಿಂದ ಗುಣಿಸಿದರೆ 1,925 ಡಾಲರ್, 86ರ ದರದಲ್ಲಿ 1,65,550 ರೂಪಾಯಿ. ಎರಡು ವರ್ಷದೊಳಗೆ ಮಾರಿದ್ದರೆ ಅದು ಅಲ್ಪಾವಧಿ, ಸಂಬಳದ ದರದಲ್ಲೇ ತೆರಿಗೆ. ಸುಮ್ಮಸುಮ್ಮನೆ ಐವತ್ತೊಂದು ಸಾವಿರ ಚಿಲ್ಲರೆ ಕಟ್ಟಿದಂತಾಯಿತು.

ಅವರ ವಿಷಯದಲ್ಲಿ ನಡೆದದ್ದು ತಿರುಗಾಮುರುಗಾ. ಸೆಪ್ಟೆಂಬರ್ ಹೊತ್ತಿಗೆ ಷೇರು 95ಕ್ಕೆ ಬಂತು, ಹೆದರಿ ಎಲ್ಲ ಮಾರಿಬಿಟ್ಟರು. "85ಕ್ಕೆ ತಗೊಂಡು 95ಕ್ಕೆ ಮಾರಿದೀನಿ, ಹತ್ತು ಡಾಲರ್ ಲಾಭ ಆಯ್ತು ಸರ್, ಅದಕ್ಕೆಷ್ಟು ಟ್ಯಾಕ್ಸ್?" ಎಂದು ಕೇಳಿದರು. ಲಾಭ ಆಗಿಲ್ಲ ಮೇಡಂ ಎಂದೆ. ಷೇರಿಗೆ ಕೊಟ್ಟದ್ದು 85, ಹಂಚಿಕೆಯ ದಿನ 55ರ ಮೇಲೆ ಕಟ್ಟಿದ ತೆರಿಗೆ 17.16. ಒಟ್ಟು ಕೈಬಿಟ್ಟದ್ದು 102.16 ಡಾಲರ್. ಅದಕ್ಕಿಂತ ಕೆಳಗೆ ಮಾರಿದರೆ ರಿಯಾಯಿತಿ ಷೇರಿನಲ್ಲೂ ಕೈಯಿಂದ ಹೋಗುತ್ತದೆ. ಈ 102.16 ಯಾವ ಬ್ರೋಕರ್ ಪರದೆಯ ಮೇಲೂ ಕಾಣುವುದಿಲ್ಲ, ಷೇರು ಬಂದ ದಿನವೇ ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ ಎಂದು ಈಗ ಎಲ್ಲರಿಗೂ ಹೇಳುತ್ತೇನೆ.

ತೆರಿಗೆಯ ಲೆಕ್ಕದಲ್ಲಿ ಅವರಿಗೆ ಷೇರಿಗೆ 45 ಡಾಲರಿನಂತೆ 1,575 ಡಾಲರ್ ಅಲ್ಪಾವಧಿ ನಷ್ಟ, ಸುಮಾರು 1,35,450 ರೂಪಾಯಿ. ಸಂಬಳವೆಂದು ತೆರಿಗೆ ಕಟ್ಟಿದ ಲಾಭವೇ ಕರಗಿಹೋಗಿದ್ದರೂ ಈ ನಷ್ಟವನ್ನು ಸಂಬಳದಿಂದ ಕಳೆಯುವ ಹಾಗಿಲ್ಲ, ಹಿಂದಿನ ವರ್ಷದ ಪರ್ಕ್ವಿಸಿಟ್ ತೆರಿಗೆ ವಾಪಸ್ಸೂ ಬರುವುದಿಲ್ಲ. ಇದು ಅನ್ಯಾಯ ಎಂದೇ ನನಗೆ ಅನಿಸುತ್ತದೆ, ಆದರೆ ಕಾಯ್ದೆ ಸ್ಪಷ್ಟವಾಗಿದೆ. ಬಂಡವಾಳ ನಷ್ಟ ಬಂಡವಾಳ ಲಾಭದೊಂದಿಗೆ ಮಾತ್ರ ವಜಾ. ಮ್ಯೂಚುವಲ್ ಫಂಡ್, ಸೈಟು, ಇನ್ನೊಂದು ಕಂತಿನ ಷೇರು, ಯಾವುದರಲ್ಲಾದರೂ ಲಾಭ ಬಂದರೆ ಅದರಿಂದ ಕಳೆಯಬಹುದು. ಇಲ್ಲದಿದ್ದರೆ ಎಂಟು ವರ್ಷ ಮುಂದಕ್ಕೆ ಒಯ್ಯಬಹುದು, ರಿಟರ್ನನ್ನು ಗಡುವಿನೊಳಗೆ ಸಲ್ಲಿಸಿದ್ದರೆ ಮಾತ್ರ.

ಇದರಿಂದ ಹೊರಡುವ ಒಂದು ಮಾತು ಹಲವರಿಗೆ ಹಿಡಿಸುವುದಿಲ್ಲ. ಹಂಚಿಕೆಯ ದಿನವೇ 140ಕ್ಕೆ ಮಾರಿದ್ದರೆ ಬಂಡವಾಳ ಲಾಭ ಸೊನ್ನೆ, ತೆರಿಗೆ ಕಳೆದು ಷೇರಿಗೆ 37.84 ಡಾಲರ್ ಉಳಿಯುತ್ತಿತ್ತು. ಇಟ್ಟುಕೊಂಡವರು ತೆರಿಗೆಯನ್ನೇನೂ ಉಳಿಸುವುದಿಲ್ಲ. 140 ಡಾಲರ್ ಕೊಟ್ಟು ಪೇಟೆಯಲ್ಲಿ ಅದೇ ಷೇರನ್ನು ಅವತ್ತು ಕೊಳ್ಳುತ್ತಿದ್ದರೇ ಎಂದು ಕೇಳಿ ನೋಡಿ, ಹೆಚ್ಚಿನವರು ಇಲ್ಲವೆಂದು ತಲೆಯಾಡಿಸುತ್ತಾರೆ. ಇಪ್ಪತ್ತನಾಲ್ಕು ತಿಂಗಳು ದಾಟಿದರೆ ತೆರಿಗೆ ಶೇಕಡಾ 12.5 ಎಂಬುದು ನಿಜ. ಆದರೆ ಆ ದರ ಸಿಗುವುದು 140ರಿಂದ ಮೇಲೆ ಬೆಳೆದ ಭಾಗಕ್ಕೆ ಮಾತ್ರ, 55ಕ್ಕೆ ಅಲ್ಲ. ಆ ಇಪ್ಪತ್ತನಾಲ್ಕು ತಿಂಗಳನ್ನು ಎಣಿಸುವುದು ಹಂಚಿಕೆಯ ದಿನದಿಂದ, ಸಂಬಳದಿಂದ ಮೊದಲ ಕಂತು ಕಡಿದ ದಿನದಿಂದಲ್ಲ.

7. ಎರಡು ಪಂಚಾಂಗ

ಪರ್ಕ್ವಿಸಿಟ್ ಏಪ್ರಿಲ್‌ನಿಂದ ಮಾರ್ಚಿನ ವರ್ಷಕ್ಕೆ ಸೇರುತ್ತದೆ. ಮಾರ್ಚ್ ಕೊನೆಗೆ ಖರೀದಿ ಮುಗಿಯುವ ಯೋಜನೆಗಳಲ್ಲಿ ಷೇರು ಖಾತೆಗೆ ಬಂದದ್ದು ಏಪ್ರಿಲ್ ಮೊದಲ ವಾರ ಎಂದಾದರೆ, ಬೆಲೆ ಖರೀದಿ ದಿನದ್ದೇ ಆದರೂ ಆದಾಯ ಯಾವ ವರ್ಷದ್ದು ಎಂಬ ಪ್ರಶ್ನೆ ಏಳುತ್ತದೆ. ಹಂಚಿಕೆಯಾದ ವರ್ಷವೇ ಆದಾಯದ ವರ್ಷ, ಕಂಪನಿ ಯಾವ ಫಾರ್ಮ್ 16ರಲ್ಲಿ ತೋರಿಸಿದೆ ಎಂದು ನೋಡಿಯೇ ರಿಟರ್ನ್ ಹಾಕಿ.

ವಿದೇಶಿ ಆಸ್ತಿ ತೋರಿಸುವ ಶೆಡ್ಯೂಲ್ ಎಫ್‌ಎ ಮಾತ್ರ ಜನವರಿಯಿಂದ ಡಿಸೆಂಬರಿನ ವರ್ಷ ಹಿಡಿಯುತ್ತದೆ. 2025ರ ಫೆಬ್ರುವರಿ 14ರ ಷೇರಿನ ಪರ್ಕ್ವಿಸಿಟ್ ಬರುವುದು 2024-25ರ ರಿಟರ್ನಿನಲ್ಲಿ. ಆ ರಿಟರ್ನಿನ ಶೆಡ್ಯೂಲ್ ಕೇಳುವುದು 2024ರ ಡಿಸೆಂಬರ್ 31ಕ್ಕೆ ಮುಗಿದ ವರ್ಷದ ಆಸ್ತಿ, ಅಲ್ಲಿ ಈ ಷೇರು ಬರುವುದಿಲ್ಲ. ಮುಂದಿನ ವರ್ಷದ ರಿಟರ್ನಿನಲ್ಲಿ ಬರುತ್ತದೆ, ಅಷ್ಟರಲ್ಲಿ ಮಾರಿಬಿಟ್ಟಿದ್ದರೂ ಬರುತ್ತದೆ. ಮಾರಾಟವಾಗಿ ಖಾತೆ ಖಾಲಿಯಾಯಿತು, ಇನ್ನೇನು ತೋರಿಸುವುದು ಎಂದು ಬಿಟ್ಟವರಿಗೆ ಕಪ್ಪುಹಣ ಕಾಯ್ದೆಯಡಿ ದಂಡ ಹತ್ತು ಲಕ್ಷ ರೂಪಾಯಿ. 2024ರ ಅಕ್ಟೋಬರ್‌ನಿಂದ, ಸ್ಥಿರಾಸ್ತಿ ಬಿಟ್ಟು ಉಳಿದ ವಿದೇಶಿ ಆಸ್ತಿಯ ಒಟ್ಟು ಮೌಲ್ಯ 20 ಲಕ್ಷ ಮೀರದವರಿಗೆ ಈ ದಂಡ ಇಲ್ಲ. ಶೆಡ್ಯೂಲ್ ತುಂಬುವ ಕೆಲಸ ಮಾತ್ರ ಅವರಿಗೂ ತಪ್ಪಿದ್ದಲ್ಲ.